ಪೈಲಟ್ ಆಗದೆಯೂ ವಿಮಾನದ ಕೆಲಸ: ಸಹಿ ಹಾಕುವ ಎಂಜಿನಿಯರ್, ಎಟಿಸಿ, ಗಗನಸಖಿ (ಪದೇ ಪದೇ ಕೇಳುವ ಪ್ರಶ್ನೆಗಳು)

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನ್ ಬಿಡುವಾಗುವುದೇ ಇಲ್ಲ. ಚಿಕ್ಕಪ್ಪನ ಮಗಳು, ಪಕ್ಕದ ಮನೆಯವರ ತಮ್ಮ, ಶಾಲೆಯ ಮೇಷ್ಟ್ರು ಹೇಳಿ ಕಳಿಸಿದ ಹುಡುಗ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಪೈಲಟ್ ಆಗದೆ ವಿಮಾನದ ಕೆಲಸಕ್ಕೆ ಸೇರುವುದು ಹೇಗೆ? ನಾನು ವಿಮಾನದ ಮೆಂಟೆನೆನ್ಸ್ ಎಂಜಿನಿಯರ್, ಅಂದರೆ ಎಎಂಇ. ಹಾಗಾಗಿ ಇಲ್ಲಿ ಆ ಕೆಲಸದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ನೆಲದಿಂದ ವಿಮಾನಗಳ ಸಂಚಾರ ನಿಯಂತ್ರಿಸುವ ಎಟಿಸಿ ಮತ್ತು ಕ್ಯಾಬಿನ್ ಸಿಬ್ಬಂದಿಯ ಕೆಲಸದ ಬಗ್ಗೆ ಗೊತ್ತಿರುವಷ್ಟನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಎಎಂಇ ಅಂದರೆ ಯಾರು? ವಿಮಾನದ ಮೆಕ್ಯಾನಿಕ್ ಅಲ್ವಾ?

ಪಾನಾ ಹಿಡಿಯುವುದು ಇಬ್ಬರೂ ಹೌದು. ವ್ಯತ್ಯಾಸ ಇರುವುದು ಸಹಿಯಲ್ಲಿ. ವಿಮಾನದ ಮೇಲೆ ಕೆಲಸ ನಡೆದ ಮೇಲೆ, ‘ಈ ಕೆಲಸ ಕ್ರಮಬದ್ಧವಾಗಿ ಆಗಿದೆ, ಇದು ಹಾರಬಹುದು’ ಎಂದು ಲೈಸೆನ್ಸ್ ಇರುವ ಒಬ್ಬರು ಬರೆದು ಸಹಿ ಹಾಕಬೇಕು. ಇದನ್ನು ನಾವು ಸಿಆರ್‌ಎಸ್ ಅನ್ನುತ್ತೇವೆ. ವಿಮಾನವನ್ನು ಸೇವೆಗೆ ಬಿಟ್ಟುಕೊಡುವ ಪ್ರಮಾಣಪತ್ರ ಅದು. ಆ ಸಹಿ ಇಲ್ಲದಿದ್ದರೆ ಪೈಲಟ್ ವಿಮಾನ ತೆಗೆದುಕೊಂಡು ಹೋಗುವ ಹಾಗಿಲ್ಲ. ಸಹಿ ಹಾಕುವವರು ಎಎಂಇ. ಅವರ ಜೊತೆ ಕೆಲಸ ಮಾಡುವ ಟೆಕ್ನಿಷಿಯನ್ ಎಷ್ಟೇ ಜಾಣರಾಗಿದ್ದರೂ ಆ ಸಹಿ ಹಾಕುವಂತಿಲ್ಲ.

ಓದಿಗೆ ಸೇರುವ ಮೊದಲು ಇದೊಂದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಯಾಕೆಂದರೆ ಈ ಉದ್ಯೋಗದಲ್ಲಿ ಸಂಬಳವೂ ಜವಾಬ್ದಾರಿಯೂ ಆ ಸಹಿಯ ಸುತ್ತಲೇ ತಿರುಗುತ್ತವೆ. ಕೋರ್ಸ್ ಮುಗಿದ ದಿನವೇ ಅದು ಸಿಗುವುದಿಲ್ಲ ಅನ್ನುವುದನ್ನು ಮಾತ್ರ ಯಾವ ಜಾಹೀರಾತೂ ಹೇಳುವುದಿಲ್ಲ.

ಏರೋನಾಟಿಕಲ್ ಬಿಇ ಮಾಡಿದರೆ ಆಗಲ್ವಾ?

ಆ ದಾರಿಯೇ ಬೇರೆ. ಬಿಇ ಮಾಡಿದವರು ವಿಮಾನದ ವಿನ್ಯಾಸ, ತಯಾರಿಕೆ, ಸಂಶೋಧನೆ ಕಡೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಇದೆ, ಎನ್‌ಎಎಲ್ ಇದೆ, ಅಲ್ಲಿ ಅಂಥ ಕೆಲಸಗಳಿವೆ. ಆದರೆ ಬಿಇ ಪದವಿ ಇದೆ ಅಂತ ಪ್ರಯಾಣಿಕರ ವಿಮಾನಕ್ಕೆ ಸಹಿ ಹಾಕಲು ಬರುವುದಿಲ್ಲ. ಅದಕ್ಕೆ ಡಿಜಿಸಿಎ, ಅಂದರೆ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಕೊಡುವ ಲೈಸೆನ್ಸೇ ಬೇಕು.

ಎಎಂಇ ಲೈಸೆನ್ಸ್ ಪದವಿ ಅಲ್ಲ ಅನ್ನುವುದೂ ನೆನಪಿರಲಿ. ನಾಳೆ ಬ್ಯಾಂಕ್ ಪರೀಕ್ಷೆಯನ್ನೋ ಕೆಎಎಸ್ ಅನ್ನೋ ಬರೆಯಬೇಕು ಅನ್ನಿಸಿದರೆ ಪದವಿ ಕೇಳುತ್ತಾರೆ. ಆಗ ಲೈಸೆನ್ಸ್ ತೋರಿಸಿದರೆ ನಡೆಯುವುದಿಲ್ಲ. ಅದಕ್ಕೇ ಕೆಲವರು ಜೊತೆಯಲ್ಲೇ ಒಂದು ಬಿಎಸ್ಸಿ ಮಾಡಿಕೊಳ್ಳುತ್ತಾರೆ. ಬುದ್ಧಿವಂತಿಕೆಯ ಕೆಲಸ.

ಸೇರಲು ಏನು ಓದಿರಬೇಕು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಪಾಸಾಗಿರಬೇಕು. ಅಥವಾ ಎಂಜಿನಿಯರಿಂಗ್ ಡಿಪ್ಲೊಮಾ ಆಗಿರಬೇಕು. ಸೇರುವುದಕ್ಕೆ ಡಿಜಿಸಿಎ ಯಾವ ಪ್ರವೇಶ ಪರೀಕ್ಷೆಯನ್ನೂ ನಡೆಸುವುದಿಲ್ಲ. ‘ಸರ್ಕಾರಿ ಪ್ರವೇಶ ಪರೀಕ್ಷೆ, ಇದು ಬರೆಯದಿದ್ದರೆ ಸೀಟೇ ಇಲ್ಲ’ ಎಂದು ಯಾರಾದರೂ ಹೇಳಿದರೆ, ಆ ಪರೀಕ್ಷೆ ನಡೆಸುವವರು ಯಾರು ಅಂತ ಮೊದಲು ಕೇಳಿ.

ಬಿ1, ಬಿ2 ಅಂತಾರಲ್ಲ, ಏನದು?

ಲೈಸೆನ್ಸಿನ ವರ್ಗಗಳು. ಬಿ1 ಅಂದರೆ ವಿಮಾನದ ಮೈಕಟ್ಟು, ಎಂಜಿನ್, ಹೈಡ್ರಾಲಿಕ್, ಚಕ್ರ, ಬ್ರೇಕು, ವಿದ್ಯುತ್ ವ್ಯವಸ್ಥೆ. ಬಿ2 ಅಂದರೆ ಏವಿಯಾನಿಕ್ಸ್, ಅಂದರೆ ರೇಡಿಯೊ, ರಾಡಾರ್, ಆಟೊಪೈಲಟ್, ಕಂಪ್ಯೂಟರುಗಳು ಮತ್ತು ವಿದ್ಯುತ್.

ಬಿ1ರಲ್ಲೇ ನಾಲ್ಕು ಉಪವರ್ಗ ಇವೆ. ಜೆಟ್ ಅಥವಾ ಟರ್ಬೊಪ್ರಾಪ್ ವಿಮಾನಕ್ಕೆ ಬಿ1.1, ಪಿಸ್ಟನ್ ಎಂಜಿನ್ನಿನ ಚಿಕ್ಕ ವಿಮಾನಕ್ಕೆ ಬಿ1.2. ಬಿ1.3 ಮತ್ತು ಬಿ1.4 ಹೆಲಿಕಾಪ್ಟರ್‌ಗಳದ್ದು. ಜಕ್ಕೂರಿನಲ್ಲಿ ತರಬೇತಿಗೆ ಹಾರುವ ಪುಟ್ಟ ವಿಮಾನಕ್ಕೂ ದೇವನಹಳ್ಳಿಯಲ್ಲಿ ಇಳಿಯುವ ಏರ್‌ಬಸ್‌ಗೂ ಒಂದೇ ಲೈಸೆನ್ಸ್ ಸಾಲದು.

ದೊಡ್ಡ ಏರ್‌ಲೈನ್‌ಗಳಲ್ಲಿ ಕೆಲಸ ಬೇಕಾದವರು ಬಿ1.1 ಅಥವಾ ಬಿ2 ಆರಿಸಿಕೊಳ್ಳುತ್ತಾರೆ. ಯಾವುದು ಒಳ್ಳೆಯದು? ಕೈಗೆ ಗ್ರೀಸ್ ಮೆತ್ತಿದರೆ ಬೇಸರ ಇಲ್ಲ ಅನ್ನುವವರಿಗೆ ಬಿ1. ವೈರಿಂಗ್ ನಕ್ಷೆ ನೋಡುತ್ತಾ ಮೂರು ಗಂಟೆ ತಾಳ್ಮೆಯಿಂದ ಕೂರಬಲ್ಲವರಿಗೆ ಬಿ2. ಬಿ1ರವರ ಸಂಖ್ಯೆ ಯಾವಾಗಲೂ ಹೆಚ್ಚು. ನಡುರಾತ್ರಿ ಒಂದು ಏವಿಯಾನಿಕ್ಸ್ ದೋಷ ಬಂದಾಗ ಮಾತ್ರ ಎಲ್ಲರೂ ಬಿ2 ಎಲ್ಲಿ ಅಂತ ಹುಡುಕುತ್ತಾರೆ.

ಒಟ್ಟು ಎಷ್ಟು ವರ್ಷ ಹಿಡಿಯುತ್ತದೆ? ಸರಿಯಾಗಿ ಹೇಳಿ.

ನನ್ನ ಅಕ್ಕನ ಮಗನ ಲೆಕ್ಕವನ್ನೇ ಕೊಡುತ್ತೇನೆ. ಅವನು ಹದಿನೆಂಟಕ್ಕೆ ಪಿಯುಸಿ ಮುಗಿಸಿ ಬಿ1.1ಕ್ಕೆ ಸೇರಿದ.

ಮೊದಲ ಎರಡು ವರ್ಷ ತರಗತಿ ಮತ್ತು ವರ್ಕ್‌ಶಾಪ್. ಡಿಜಿಸಿಎಯ ಸಿಎಆರ್-147 ಮಾನ್ಯತೆ ಇರುವ ಸಂಸ್ಥೆಯಲ್ಲಿ ಬಿ1.1ಕ್ಕೆ ಒಟ್ಟು 2,400 ಗಂಟೆಯ ತರಬೇತಿ. ಬೆಳಿಗ್ಗೆ ಪಾಠ, ಮಧ್ಯಾಹ್ನ ಫೈಲು ಹಿಡಿದು ಲೋಹದ ತುಂಡನ್ನು ಚೌಕ ಮಾಡುವುದು, ರಿವೆಟ್ ಹೊಡೆಯುವುದು, ಬೋಲ್ಟು ಸಡಿಲವಾಗದಂತೆ ಸೇಫ್ಟಿ ವೈರ್ ಕಟ್ಟುವುದು. ಅವನು ಮನೆಗೆ ಬಂದಾಗ ಬೆರಳ ತುದಿಗಳಲ್ಲಿ ಸೇಫ್ಟಿ ವೈರ್ ಚುಚ್ಚಿದ ಗಾಯ ಇರುತ್ತಿತ್ತು. ಅಕ್ಕನಿಗೆ ಗಾಬರಿ, ನನಗೆ ನೋಡಿ ನಗು.

ಆಮೇಲೆ ನಿಜವಾದ ವಿಮಾನಗಳ ಮೇಲೆ ಪ್ರಾಯೋಗಿಕ ಅನುಭವ. ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿದವರಿಗೆ ಎರಡು ವರ್ಷ ಸಾಕು. ಯಾವ ತಾಂತ್ರಿಕ ತರಬೇತಿಯೂ ಇಲ್ಲದೆ ನೇರವಾಗಿ ಕೆಲಸಕ್ಕೆ ಇಳಿದವರಿಗೆ ಐದು ವರ್ಷ ಬೇಕು. ಮಾಡಿದ ಪ್ರತಿ ಕೆಲಸವನ್ನೂ ಲಾಗ್‌ಬುಕ್ಕಿನಲ್ಲಿ ಬರೆದು, ಮೇಲಿನವರಿಂದ ಸಹಿ ಹಾಕಿಸಿಕೊಳ್ಳಬೇಕು.

ಇದರ ಜೊತೆಜೊತೆಗೆ ಪರೀಕ್ಷೆ. ಬಿ1.1ಕ್ಕೆ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಸಾಮಗ್ರಿ, ಮೆಂಟೆನೆನ್ಸ್ ಪದ್ಧತಿ, ಗ್ಯಾಸ್ ಟರ್ಬೈನ್ ಎಂಜಿನ್, ಪ್ರೊಪೆಲರ್, ಕಾನೂನು, ಹೀಗೆ ಒಂದೊಂದಕ್ಕೂ ಒಂದೊಂದು ಮಾಡ್ಯೂಲ್. ಪಾಸಾಗಲು 75% ಬೇಕು. ಮೂವತ್ತೈದು ತೆಗೆದರೆ ಪಾಸು ಅಂತ ಬೆಳೆದವರಿಗೆ ಮೊದಲ ಸಲ ಇದು ಏಟು ಕೊಡುತ್ತದೆ. ನಮ್ಮ ಹುಡುಗ 15ನೇ ಮಾಡ್ಯೂಲನ್ನು, ಅಂದರೆ ಗ್ಯಾಸ್ ಟರ್ಬೈನ್ ಅನ್ನು, ಎರಡು ಸಲ ಬರೆದ. ಅಲ್ಲೇ ಒಂದಷ್ಟು ತಿಂಗಳು ಹೋಯಿತು.

ಅಂತೂ ಲೈಸೆನ್ಸ್ ಕೈಗೆ ಬಂದಾಗ ಇಪ್ಪತ್ಮೂರು. ಮನೆಯಲ್ಲಿ ಪಾಯಸ ಮಾಡಿದರು. ಸಹಿ ಹಾಕಲು ಆಗಲೂ ಬರುತ್ತಿರಲಿಲ್ಲ.

ಲೈಸೆನ್ಸ್ ಬಂದ ಮೇಲೂ ಸಹಿ ಇಲ್ಲ ಅಂದರೆ ಏನರ್ಥ?

ಎಲ್ಲರೂ ಎಡವುವ ಜಾಗ ಇದು.

ಮೊದಲು ಸಿಗುವುದು ಬೇಸಿಕ್ ಲೈಸೆನ್ಸ್. ‘ಈ ಮನುಷ್ಯನಿಗೆ ಜೆಟ್ ವಿಮಾನದ ಮೂಲ ಗೊತ್ತಿದೆ’ ಅನ್ನುವುದಷ್ಟೇ ಅದರ ಅರ್ಥ. ದೊಡ್ಡ ವಿಮಾನಕ್ಕೆ ಸಹಿ ಹಾಕಬೇಕಾದರೆ ಆ ಮಾದರಿಯ ಹೆಸರು ಲೈಸೆನ್ಸಿನ ಮೇಲೆ ಬರಬೇಕು. ಇದಕ್ಕೆ ಟೈಪ್ ರೇಟಿಂಗ್ ಅನ್ನುತ್ತಾರೆ. ಅದೂ ವಿಮಾನ ಮತ್ತು ಎಂಜಿನ್ ಎರಡೂ ಸೇರಿ. ಹಳೆಯ ಏರ್‌ಬಸ್ ಎ320ಯಲ್ಲಿ ಸಿಎಫ್‌ಎಂ56 ಎಂಜಿನ್ ಇರಬಹುದು, ವಿ2500 ಇರಬಹುದು. ಅದರ ಹೊಸ ರೂಪವಾದ ನಿಯೋದಲ್ಲಿ ಲೀಪ್ ಅಥವಾ ಪ್ರಾಟ್ ಅಂಡ್ ವಿಟ್ನಿಯ ಎಂಜಿನ್. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ವಿಮಾನ. ಲೈಸೆನ್ಸಿನ ಲೆಕ್ಕದಲ್ಲಿ ಬೇರೆ ಬೇರೆ.

ಇಂಥ ದೊಡ್ಡ ವಿಮಾನಕ್ಕೆ ಬಿ1ರವರ ಟೈಪ್ ಕೋರ್ಸಿನ ತರಗತಿ ಪಾಠವೇ ಕನಿಷ್ಠ 150 ಗಂಟೆ. ಅದಾದ ಮೇಲೆ ಪ್ರಾಯೋಗಿಕ ಭಾಗ. ಮೊದಲ ರೇಟಿಂಗ್ ಆದರೆ ಅನುಭವಸ್ಥರ ಕಣ್ಣೆದುರು ನಿಗದಿತ ಕೆಲಸಗಳನ್ನು ಮಾಡಿ ತೋರಿಸುವ ಒಜೆಟಿ. ಇಷ್ಟೆಲ್ಲ ಆದ ಮೇಲೂ ಕೆಲಸ ಕೊಟ್ಟ ಕಂಪನಿ ತನ್ನ ಕಡೆಯಿಂದ ಬೇರೆ ಅಧಿಕಾರಪತ್ರ ಕೊಡಬೇಕು. ಅದಕ್ಕೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಲೈಸೆನ್ಸ್, ಟೈಪ್, ಕಂಪನಿಯ ಅಧಿಕಾರ, ಈ ಮೂರೂ ಇದ್ದರೆ ಮಾತ್ರ ಸಹಿ.

ನಮ್ಮ ಹುಡುಗ ಬೇಸಿಕ್ ಲೈಸೆನ್ಸ್ ಹಿಡಿದು ಟೆಕ್ನಿಷಿಯನ್ ಆಗಿ ಸೇರಿದ. ಒಂದೂವರೆ ವರ್ಷ ಬೇರೆಯವರ ಸಹಿಯ ಕೆಳಗೆ ಕೆಲಸ ಮಾಡಿದ. ಆಮೇಲೆ ಕಂಪನಿ ಟೈಪ್ ಕೋರ್ಸಿಗೆ ಕಳಿಸಿತು, ಇಷ್ಟು ವರ್ಷ ಬಿಟ್ಟುಹೋಗುವ ಹಾಗಿಲ್ಲ ಎಂದು ಬಾಂಡ್ ಬರೆಸಿಕೊಂಡಿತು. ತನ್ನ ಮೊದಲ ಸಹಿ ಹಾಕಿದಾಗ ಅವನಿಗೆ ಇಪ್ಪತ್ತಾರು. ಅಂದರೆ ಪಿಯುಸಿ ಮುಗಿದು ಎಂಟು ವರ್ಷ. ಸ್ವಂತ ದುಡ್ಡು ಹಾಕಿ ಟೈಪ್ ಕೋರ್ಸ್ ಮಾಡಿಕೊಂಡರೆ ಬೇಗ ಆಗಬಹುದು. ಆದರೆ ನೀವು ದುಡ್ಡು ಸುರಿದ ಮಾದರಿಯ ವಿಮಾನ ಇರುವ ಕಂಪನಿಯಲ್ಲೇ ಕೆಲಸ ಖಾಲಿ ಇರಬೇಕಲ್ಲ. ಸಾಲ ಮಾಡಿ ಹಾಗೆ ಮಾಡಬೇಡಿ ಅನ್ನುವುದು ನನ್ನ ಮಾತು.

ಇನ್ಸ್ಟಿಟ್ಯೂಟ್ ಸರಿಯಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಡಿಜಿಸಿಎ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಸಿಎಆರ್-147 ಸಂಸ್ಥೆಗಳ ಪಟ್ಟಿ ಇದೆ. ಸಂಸ್ಥೆಯ ಹೆಸರು ಇದೆಯಾ ಅಂತ ನೋಡಿ ಮುಚ್ಚಿಬಿಡಬೇಡಿ. ಯಾವ ವರ್ಗಕ್ಕೆ ಮಾನ್ಯತೆ, ಯಾವ ದಿನಾಂಕದವರೆಗೆ, ಎರಡನ್ನೂ ನೋಡಿ. ನನ್ನ ಜೊತೆ ಓದಲು ಬಂದಿದ್ದ ಒಬ್ಬ ಗೆಳೆಯ ಮೊದಲು ಬೇರೊಂದು ಕಡೆ ಸೇರಿ ಒಂದು ವರ್ಷ ಕಳೆದಿದ್ದ. ಅಲ್ಲಿ ಮಾನ್ಯತೆ ಇದ್ದದ್ದು ಪಿಸ್ಟನ್ ವಿಮಾನದ ವರ್ಗಕ್ಕೆ ಮಾತ್ರ. ಗೋಡೆಯ ತುಂಬ ಬೋಯಿಂಗ್ ಚಿತ್ರ ಅಂಟಿಸಿದ್ದರಂತೆ.

ಸಂಸ್ಥೆಗೆ ಹೋದಾಗ ಎರಡು ಪ್ರಶ್ನೆ ಕೇಳಿ. ಪ್ರಾಯೋಗಿಕ ಅನುಭವದ ವರ್ಷಗಳಿಗೆ ಯಾವ ಮೆಂಟೆನೆನ್ಸ್ ಕಂಪನಿಯ ಜೊತೆ ಲಿಖಿತ ಒಪ್ಪಂದ ಇದೆ? ಅಲ್ಲಿ ಯಾವ ವಿಮಾನಗಳ ಮೇಲೆ ಕೆಲಸ ಸಿಗುತ್ತದೆ? ಉತ್ತರ ‘ಅದೆಲ್ಲ ಆಮೇಲೆ ನೋಡೋಣ ಸರ್’ ಅಂತ ಬಂದರೆ, ಎದ್ದು ಬನ್ನಿ. ಹ್ಯಾಂಗರ್ ಸಿಗದೆ ಲಾಗ್‌ಬುಕ್ ಖಾಲಿ ಇಟ್ಟುಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ದಿನದ ಕೆಲಸ ಹೇಗಿರುತ್ತದೆ?

‘ದಿನದ’ ಅನ್ನುವುದಕ್ಕಿಂತ ರಾತ್ರಿಯ ಕೆಲಸ ಅನ್ನಿ. ವಿಮಾನ ಹಗಲು ಹಾರಿದರೆ ಕಂಪನಿಗೆ ದುಡ್ಡು. ಹಾಗಾಗಿ ರಿಪೇರಿ ನಡೆಯುವುದು ಹೆಚ್ಚಾಗಿ ರಾತ್ರಿ. ಹಬ್ಬಕ್ಕೆ ರಜೆ ಸಿಗುವ ಖಾತ್ರಿ ಇಲ್ಲ.

ಒಂದು ರಾತ್ರಿಯ ಚಿತ್ರ ಕೊಡುತ್ತೇನೆ. ಹನ್ನೊಂದೂವರೆಗೆ ಎ320 ಬಂದು ನಿಲ್ಲುತ್ತದೆ, ಬೆಳಿಗ್ಗೆ ಐದೂವರೆಗೆ ಮತ್ತೆ ಹೊರಡಬೇಕು. ಟಾರ್ಚ್ ಹಿಡಿದು ಸುತ್ತು ಹಾಕುತ್ತೇನೆ. ಟೈರಿನ ಸವೆತ, ಎಂಜಿನ್ ಬ್ಲೇಡಿನ ಅಂಚು, ಸೋರಿಕೆಯ ಗುರುತು. ಬ್ರೇಕಿನ ಹತ್ತಿರ ಬಗ್ಗಿ ನೋಡಿದರೆ ಕಿರುಬೆರಳಿಗಿಂತ ಸಣ್ಣ ಒಂದು ಪಿನ್ ಇರುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಆ ಪಿನ್ ಸ್ವಲ್ಪ ಹೊರಗೆ ಚಾಚಿಕೊಂಡಿರಬೇಕು. ಬ್ರೇಕ್ ಸವೆದಂತೆ ಪಿನ್ ಒಳಗೆ ಹೋಗುತ್ತಾ ಬರುತ್ತದೆ. ಮಟ್ಟಸವಾಗಿಬಿಟ್ಟಿದ್ದರೆ ಬ್ರೇಕ್ ಬದಲಿಸಲೇಬೇಕು. ನಾಲ್ಕು ಕೋಟಿಯ ಯಂತ್ರಪಾತಿ ಬೇಡ, ಒಂದು ಪಿನ್ನು ಸಾಕು ಹೇಳುವುದಕ್ಕೆ.

ಆಮೇಲೆ ಪೈಲಟ್ ಬರೆದಿಟ್ಟ ದೂರುಗಳು. ಎಲ್ಲವನ್ನೂ ಆ ರಾತ್ರಿಯೇ ಸರಿ ಮಾಡಬೇಕು ಅಂತಿಲ್ಲ. ಎಂಇಎಲ್ ಅನ್ನುವ ಪುಸ್ತಕ ಇದೆ. ಯಾವ ವಸ್ತು ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಅಂತ ಅದರಲ್ಲಿ ಬರೆದಿದೆ. ಬಿ ಗುಂಪಿನ ದೋಷಕ್ಕೆ 3 ದಿನ, ಸಿ ಗುಂಪಿಗೆ 10 ದಿನ, ಡಿಗೆ 120 ದಿನ. ಪುಸ್ತಕದಲ್ಲಿ ಅವಕಾಶ ಇಲ್ಲದಿದ್ದರೆ ಇಲ್ಲ, ಅಷ್ಟೇ. ಫೋನಿನಲ್ಲಿ ‘ಬೆಳಿಗ್ಗೆ ವಿಮಾನ ಬೇಕೇ ಬೇಕು’ ಅಂತ ಯಾರು ಎಷ್ಟು ಜೋರು ಮಾಡಿದರೂ ಇಲ್ಲ. ಆ ‘ಇಲ್ಲ’ ಹೇಳುವ ಧೈರ್ಯ ಪರೀಕ್ಷೆಯಲ್ಲಿ ಬರುವುದಿಲ್ಲ.

ಕೊನೆಗೆ ಉಪಕರಣಗಳ ಲೆಕ್ಕ. ಪೆಟ್ಟಿಗೆಯಲ್ಲಿ ಪ್ರತಿ ಪಾನಾಕ್ಕೂ ಅದರದೇ ಆಕಾರದ ಗುಂಡಿ ಕೊರೆದಿರುತ್ತದೆ. ಒಂದು ಗುಂಡಿ ಖಾಲಿ ಇದ್ದರೆ ಆ ಪಾನಾ ಸಿಗುವವರೆಗೆ ವಿಮಾನ ಕದಲುವುದಿಲ್ಲ.

ಒಂದು ಸಹಿ ತಪ್ಪಿದರೆ ನಿಜವಾಗಿ ಏನಾಗುತ್ತದೆ?

ನಮಗೆಲ್ಲ ಹ್ಯೂಮನ್ ಫ್ಯಾಕ್ಟರ್ಸ್, ಅಂದರೆ ಮನುಷ್ಯರು ಹೇಗೆ ತಪ್ಪು ಮಾಡುತ್ತಾರೆ ಅನ್ನುವ ಪಾಠದಲ್ಲಿ ಹೇಳಿಕೊಡುವ ಒಂದು ಘಟನೆ ಇದೆ. ಇಂಗ್ಲೆಂಡಿನದ್ದು. 1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ 5390 ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಮಲಗಾಕ್ಕೆ ಹೊರಟಿತ್ತು. ಬಿಎಸಿ ಒನ್-ಇಲೆವೆನ್ ಮಾದರಿ, ಒಳಗೆ 87 ಜನ. ಸುಮಾರು 17,300 ಅಡಿಗೆ ಏರಿದಾಗ ಕ್ಯಾಪ್ಟನ್ ಎದುರಿನ ಗಾಜು ಪೂರ್ತಿ ಕಿತ್ತು ಹಾರಿಹೋಯಿತು. ಒಳಗಿನ ಗಾಳಿ ಹೊರನುಗ್ಗಿದ ರಭಸಕ್ಕೆ ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ದೇಹ ಕಿಟಕಿಯಿಂದ ಹೊರಗೆ ಹೋದರು.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲು ಹೊಸದಾಗಿ ಕೂರಿಸಿದ್ದರು. ರಾತ್ರಿ ಪಾಳಿ, ಬೆಳಗಿನ ಜಾವದ ಹೊತ್ತು. ಜನ ಕಡಿಮೆ ಇದ್ದರು ಅಂತ ಪಾಳಿಯ ಮ್ಯಾನೇಜರ್ ತಾನೇ ಕೆಲಸ ಮಾಡಿದರು. ಹಳೆಯ ಗಾಜಿನಿಂದ ಬಿಚ್ಚಿದ ಬೋಲ್ಟು 7ಡಿ ಅಳತೆಯದು. ನಿಜವಾಗಿ ಅಲ್ಲಿ ಇರಬೇಕಾದ್ದು 8ಡಿ. ಅಂದರೆ ಹಿಂದೆ ಹಾಕಿದ್ದವೇ ತಪ್ಪು, ಹೇಗೋ ತಡೆದಿದ್ದವು. ಬಿಡಿಭಾಗಗಳ ಪುಸ್ತಕ ತೆರೆದು ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಉಗ್ರಾಣದವರು 8ಡಿ ಅಂತ ಬಾಯಲ್ಲಿ ಹೇಳಿಯೂ ಇದ್ದರು. ಇವರು ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಬೆಳಕು ಸರಿಯಿಲ್ಲದ ಇನ್ನೊಂದು ಉಗ್ರಾಣದಲ್ಲಿ ಕಣ್ಣಂದಾಜಿನಲ್ಲಿ ಅದರ ಜೋಡಿ ಹುಡುಕಿದರು. ಓದುವ ಕನ್ನಡಕ ಹಾಕಿಕೊಂಡಿರಲಿಲ್ಲ. ಸಿಕ್ಕಿದ್ದು 8ಸಿ.

8ಸಿಯ ದಪ್ಪ 0.026 ಇಂಚು ಕಡಿಮೆ. ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಒಟ್ಟು 90 ಬೋಲ್ಟುಗಳಲ್ಲಿ 84 ಇಂಥವು. ಉಳಿದ ಆರು, ದಪ್ಪ ಸರಿಯಿದ್ದರೂ ಉದ್ದ ಗಿಡ್ಡ. ಬೋಲ್ಟಿನ ತಲೆ ತನ್ನ ಗುಳಿಯಲ್ಲಿ ಸರಿಯಾಗಿ ತುಂಬಿಕೊಂಡಿಲ್ಲ ಅನ್ನುವುದು ಎದುರಿನಿಂದ ನೋಡಿದ್ದರೆ ಕಾಣುತ್ತಿತ್ತು. ಅವರು ಪಕ್ಕದಿಂದ ಮೈ ಚಾಚಿ ಬಿಗಿಸುತ್ತಿದ್ದರು, ಕಾಣಲಿಲ್ಲ. ಆ ಕೆಲಸಕ್ಕೆ ಎರಡನೆಯವರು ಪರಿಶೀಲಿಸಬೇಕೆಂಬ ನಿಯಮವೂ ಇರಲಿಲ್ಲ. ಮಾಡಿದವರೇ ಸಹಿ ಹಾಕಿದರು. ಅವರು ಸೋಮಾರಿಯಲ್ಲ, ಅನುಭವಸ್ಥರು. ಬೇಗ ಮುಗಿಸಿಕೊಡೋಣ ಅಂತ ಮಾಡಿದ ಕೆಲಸ ಅದು.

ಮುಂದೆ ನಡೆದದ್ದರಲ್ಲಿ ಉಳಿದ ಎರಡು ಉದ್ಯೋಗಗಳೂ ಕಾಣುತ್ತವೆ. ಕ್ಯಾಬಿನ್ ಸಿಬ್ಬಂದಿಯ ನೈಜೆಲ್ ಆಗ್ಡೆನ್ ಓಡಿ ಬಂದು ಕ್ಯಾಪ್ಟನ್ ಸೊಂಟ ಹಿಡಿದುಕೊಂಡರು. ಅವರ ಕೈ ಸೋತಾಗ ಜೊತೆಯವರು ಹಿಡಿದರು. ಸಹ ಪೈಲಟ್ ಅಲಸ್ಟೇರ್ ಅಚಿಸನ್ ಗಾಳಿಯ ಅಬ್ಬರದಲ್ಲಿ ರೇಡಿಯೊ ಕೇಳಿಸದೆ ಪರದಾಡಿ, ಕೊನೆಗೆ ಎಟಿಸಿಯ ನೆರವಿನಿಂದ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ.

ಇವತ್ತಿಗೂ ನಾನು ಬೋಲ್ಟಿಗೆ ಬೋಲ್ಟು ಜೋಡಿಸಿ ನೋಡುವುದಿಲ್ಲ. ಪುಸ್ತಕದಲ್ಲಿರುವ ಪಾರ್ಟ್ ನಂಬರ್ ಏನು, ಚೀಟಿಯ ಮೇಲಿನದು ಏನು, ಅಷ್ಟೇ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಇಂಗ್ಲಿಷ್ ಕಷ್ಟ ಆಗುತ್ತದಾ?

ಪರೀಕ್ಷೆಯೂ ಪುಸ್ತಕಗಳೂ ಇಂಗ್ಲಿಷಿನಲ್ಲೇ. ಆದರೆ ಒಂದು ಸಮಾಧಾನದ ವಿಷಯ ಇದೆ. ವಿಮಾನದ ಮೆಂಟೆನೆನ್ಸ್ ಪುಸ್ತಕಗಳನ್ನು ಬರೆಯುವುದು ಸರಳಗೊಳಿಸಿದ ಒಂದು ಇಂಗ್ಲಿಷಿನಲ್ಲಿ. ಎಎಸ್‌ಡಿ-ಎಸ್‌ಟಿಇ100 ಅನ್ನುವ ನಿಯಮಾವಳಿ ಅದಕ್ಕಿದೆ. ಒಪ್ಪಿಗೆ ಇರುವ ಪದಗಳ ನಿಘಂಟು, ಒಂದು ಪದಕ್ಕೆ ಒಂದೇ ಅರ್ಥ, ಸಣ್ಣ ವಾಕ್ಯ. ಇಂಗ್ಲಿಷ್ ಮನೆಮಾತಲ್ಲದ ನಮ್ಮಂಥವರಿಗೆ ಅರ್ಥ ತಪ್ಪದಿರಲಿ ಅಂತಲೇ ಮಾಡಿದ್ದು. ಮೊದಲ ಆರು ತಿಂಗಳು ಒದ್ದಾಡುತ್ತೀರಿ, ಆಮೇಲೆ ದಿನಪತ್ರಿಕೆಯ ಇಂಗ್ಲಿಷಿಗಿಂತ ಇದೇ ಸುಲಭ ಅನ್ನಿಸುತ್ತದೆ.

ಎಟಿಸಿ ಮತ್ತು ಕ್ಯಾಬಿನ್ ಕೆಲಸಕ್ಕೆ ಈ ರಿಯಾಯಿತಿ ಇಲ್ಲ. ಅಲ್ಲಿ ಬಾಯಿಬಿಟ್ಟು ಮಾತಾಡಬೇಕು.

ಎಟಿಸಿ ಆಗುವುದು ಹೇಗೆ?

ಇದಕ್ಕೆ ಖಾಸಗಿ ಕೋರ್ಸ್ ಇಲ್ಲ. ನಮ್ಮ ದೇಶದಲ್ಲಿ ನಾಗರಿಕ ವಿಮಾನಗಳ ಸಂಚಾರ ನಿಯಂತ್ರಣವನ್ನು ಬಹುಪಾಲು ನೋಡಿಕೊಳ್ಳುವುದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಂಥ ಕೆಲವು ಕಡೆ ಮಾತ್ರ ಬೇರೆಯವರಿದ್ದಾರೆ. ಎಎಐ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಕರೆದಾಗ aai.aero ದಲ್ಲಿ ಹಾಕಬೇಕು. ಭೌತಶಾಸ್ತ್ರ ಮತ್ತು ಗಣಿತ ಇರುವ ಬಿಎಸ್ಸಿ ಆಗಿರಬೇಕು. ಇಲ್ಲವೇ ಯಾವುದೇ ವಿಭಾಗದ ಬಿಇ, ಆದರೆ ಯಾವುದಾದರೂ ಒಂದು ಸೆಮಿಸ್ಟರಿನಲ್ಲಿ ಈ ಎರಡು ವಿಷಯ ಓದಿರಬೇಕು. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 27, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಅರ್ಜಿ ಪ್ರತಿವರ್ಷ ಒಂದೇ ತಿಂಗಳಲ್ಲಿ ಕರೆಯುತ್ತಾರೆ ಅಂತ ನಂಬಿ ಕೂರಬೇಡಿ. ಹುದ್ದೆಗಳ ಸಂಖ್ಯೆಯೂ ಏರಿಳಿಯುತ್ತದೆ. 2025ರಲ್ಲಿ ಕರೆದದ್ದು 309 ಹುದ್ದೆ.

ಆನ್‌ಲೈನ್ ಪರೀಕ್ಷೆ ದಾಟಿದವರಿಗೆ ಧ್ವನಿ ಪರೀಕ್ಷೆ, ಮಾನಸಿಕ ಸಾಮರ್ಥ್ಯದ ಪರೀಕ್ಷೆ, ಮಾದಕವಸ್ತು ಪರೀಕ್ಷೆ, ವೈದ್ಯಕೀಯ ತಪಾಸಣೆ. ಧ್ವನಿ ಪರೀಕ್ಷೆ ಅಂದರೆ ಹಾಡಿಸುವುದಲ್ಲ. ತೊದಲು ಇದೆಯಾ, ಅಕ್ಷರ ಸ್ಪಷ್ಟವಾಗಿದೆಯಾ ಅಂತ ನೋಡುತ್ತಾರೆ. ರೇಡಿಯೊದಲ್ಲಿ ಒಂದು ಅಂಕಿ ತಪ್ಪಾಗಿ ಕೇಳಿಸಿದರೆ ವಿಮಾನ ಬೇರೆ ಎತ್ತರಕ್ಕೆ ಹೋಗುತ್ತದೆ.

ಆಯ್ಕೆಯಾದವರಿಗೆ ಪ್ರಯಾಗ್‌ರಾಜ್‌ನಂಥ ಎಎಐ ತರಬೇತಿ ಕೇಂದ್ರಗಳಲ್ಲಿ ಸಂಬಳದ ಜೊತೆಗೇ ತರಬೇತಿ. ಹಾಗಾಗಿ ‘ಎಟಿಸಿ ಡಿಪ್ಲೊಮಾ ಕೊಡುತ್ತೇವೆ’ ಅನ್ನುವವರಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಇಲ್ಲೂ ಎಎಂಇ ಕಥೆಯೇ. ತರಬೇತಿ ಮುಗಿದಾಕ್ಷಣ ಒಂಟಿಯಾಗಿ ಮೈಕ್ ಕೊಡುವುದಿಲ್ಲ. ನಿಯೋಜನೆಯಾದ ನಿಲ್ದಾಣದಲ್ಲಿ ಅನುಭವಸ್ಥರ ಪಕ್ಕ ಕೂತು ಕಲಿತು, ಆ ಜಾಗಕ್ಕೇ ರೇಟಿಂಗ್ ಪಡೆಯಬೇಕು. ಟವರಿನ ಕೆಲಸ ಬೇರೆ, ರಾಡಾರ್ ಮುಂದೆ ಕೂರುವುದು ಬೇರೆ. ಮಂಗಳೂರಿನಲ್ಲಿ ಹತ್ತು ವರ್ಷ ಮಾಡಿದವರು ದೆಹಲಿಗೆ ವರ್ಗವಾದರೆ ಅಲ್ಲಿ ಮತ್ತೆ ಕಲಿತು, ಪರೀಕ್ಷೆ ಕೊಟ್ಟು ರೇಟಿಂಗ್ ತೆಗೆದುಕೊಳ್ಳಬೇಕು.

ಎಟಿಸಿ ಕೆಲಸ ಭಾರೀ ಒತ್ತಡ ಅಂತಾರೆ, ನಿಜವಾ?

ಕೆಲಸ ಏನು ಅಂತ ನೋಡಿದರೆ ಗೊತ್ತಾಗುತ್ತದೆ. ಎರಡು ವಿಮಾನಗಳ ನಡುವೆ ಎತ್ತರದಲ್ಲಿ ಸಾಮಾನ್ಯವಾಗಿ 1,000 ಅಡಿ ಅಂತರ ಇರಬೇಕು. ಅದಿಲ್ಲದಿದ್ದರೆ ರಾಡಾರಿನಲ್ಲಿ ಅಕ್ಕಪಕ್ಕ ಹಲವು ನಾಟಿಕಲ್ ಮೈಲಿ, ದಾರಿಯಲ್ಲಿ ಹೆಚ್ಚಾಗಿ 5. ಇಷ್ಟೇ ನಿಯಮ. ಮಳೆಗಾಲದ ಸಂಜೆ ದೇವನಹಳ್ಳಿ ಮೇಲೆ ಗುಡುಗು ಮೋಡ ಕವಿದಾಗ, ಇಳಿಯಬೇಕಾದ ಹತ್ತಾರು ವಿಮಾನಗಳೂ ಮೋಡ ತಪ್ಪಿಸಲು ಎಡಕ್ಕೋ ಬಲಕ್ಕೋ ದಾರಿ ಕೇಳುತ್ತವೆ. ಆಗ ಆ ಅಂತರ ಕಾಯುವುದು ಸುಲಭವಲ್ಲ. ಅದಕ್ಕೇ ಕೆಲವು ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಿಸುವುದಿಲ್ಲ, ನಡುವೆ ಬಿಡುವು ಕೊಡುತ್ತಾರೆ. ನನ್ನ ಎಟಿಸಿ ಗೆಳೆಯ ಹೇಳುವ ಒಳ್ಳೆಯ ಅಂಶ ಒಂದೇ: ಪಾಳಿ ಮುಗಿದು ಹೆಡ್‌ಸೆಟ್ ತೆಗೆದರೆ ಕೆಲಸ ಅಲ್ಲಿಗೇ ಮುಗಿಯಿತು. ನನಗೆ ಹಾಗಲ್ಲ. ಸಹಿ ಹಾಕಿದ ವಿಮಾನ ಹಾರುತ್ತಲೇ ಇರುತ್ತದೆ.

ಗಗನಸಖಿ ಆಗಲು ಕೋರ್ಸ್ ಮಾಡಬೇಕಾ?

ಬೇಡ. ಪಿಯುಸಿ ಆಗಿದ್ದರೆ ಏರ್‌ಲೈನ್‌ಗಳ ಸಂದರ್ಶನಕ್ಕೆ ನೇರವಾಗಿ ಹೋಗಬಹುದು. ಹುಡುಗರಿಗೂ ಅವಕಾಶ ಇದೆ. ಎತ್ತರ, ವಯಸ್ಸು, ಕಾಣುವ ಜಾಗದಲ್ಲಿ ಹಚ್ಚೆ ಇರಬಾರದು ಎಂಬಂಥ ನಿಯಮಗಳು ಒಂದೊಂದು ಕಂಪನಿಗೆ ಒಂದೊಂದು ಥರ. ಆಯ್ಕೆಯಾದ ಮೇಲೆ ಡಿಜಿಸಿಎ ಒಪ್ಪಿದ ತರಬೇತಿಯನ್ನು ಏರ್‌ಲೈನೇ ಕೊಡುತ್ತದೆ. ಹೊರಗೆ ಲಕ್ಷ ಕೊಟ್ಟು ವರ್ಷದ ಡಿಪ್ಲೊಮಾ ಮಾಡಿಬಂದವರೂ ಆ ತರಬೇತಿಯನ್ನು ಮೊದಲಿನಿಂದಲೇ ಮಾಡಬೇಕು. ಮಾತು, ನಡೆ ಕಲಿಯಲು ಅದು ಕೆಲವರಿಗೆ ನೆರವಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮನೆ ಅಡವಿಟ್ಟು ಮಾಡುವಂಥದ್ದಲ್ಲ.

ಅವರ ಕೆಲಸ ಊಟ ಬಡಿಸುವುದು ತಾನೇ?

ಊಟ ಬಡಿಸಲೇಬೇಕು ಅಂತ ಯಾವ ಸುರಕ್ಷತಾ ನಿಯಮವೂ ಹೇಳುವುದಿಲ್ಲ. ಅವರು ವಿಮಾನದಲ್ಲಿ ಇರಬೇಕು ಅಂತ ನಿಯಮ ಹೇಳುತ್ತದೆ. ಪ್ರತಿ 50 ಸೀಟಿಗೆ ಒಬ್ಬರು. 180 ಸೀಟಿನ ಎ320ಯಲ್ಲಿ ಅದಕ್ಕೇ ನಾಲ್ವರು. ಅಪಾಯದಲ್ಲಿ ವಿಮಾನ ಖಾಲಿ ಮಾಡಿಸಲು ಅವರು ಬೇಕು. ಅರ್ಧ ಬಾಗಿಲುಗಳಷ್ಟೇ ತೆರೆದರೂ ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಬಹುದು ಅಂತ ತಯಾರಕರು ತೋರಿಸಿಕೊಡಬೇಕಾದ ಕಾನೂನು ಇದೆ. ತರಬೇತಿಯಲ್ಲಿ ಬೆಂಕಿ ಆರಿಸುವುದು, ಹೊಗೆ ತುಂಬಿದ ಕೋಣೆ, ಈಜುಕೊಳದಲ್ಲಿ ತೆಪ್ಪ ಹತ್ತುವುದು, ಪ್ರಥಮ ಚಿಕಿತ್ಸೆ ಎಲ್ಲ ಇರುತ್ತವೆ. ಸುಮ್ನೆ ನಕ್ಕು ನಿಲ್ಲುವ ಕೆಲಸವಲ್ಲ.

ಬಾಗಿಲಿನ ವಿಷಯ ಒಂದು ಹೇಳುತ್ತೇನೆ, ಯಾಕೆಂದರೆ ಅದು ಕೆಟ್ಟರೆ ನಮ್ಮ ತಲೆಗೇ ಬರುತ್ತದೆ. ವಿಮಾನ ಹೊರಡುವಾಗ ಬಾಗಿಲನ್ನು ‘ಆರ್ಮ್’ ಮಾಡುತ್ತಾರೆ. ಆಮೇಲೆ ಒಳಗಿನಿಂದ ಬಾಗಿಲು ತೆರೆದರೆ ಗಾಳಿ ತುಂಬಿದ ಜಾರುಬಂಡೆ ತಾನೇ ಬಿಚ್ಚಿಕೊಳ್ಳುತ್ತದೆ. ಇಳಿದ ಮೇಲೆ ಅದನ್ನು ಮರೆಯದೆ ನಿಷ್ಕ್ರಿಯ ಮಾಡಬೇಕು. ಎ320ಯಲ್ಲಿ ಬಾಗಿಲಿನ ಹಿಡಿಕೆಯನ್ನು ಸ್ವಲ್ಪವೇ ಎತ್ತಿ ನೋಡಬೇಕು. ಬಿಳಿ ದೀಪ ಹೊತ್ತಿಕೊಂಡರೆ ಇನ್ನೂ ಆರ್ಮ್ ಆಗಿದೆ, ಕೈ ಬಿಡಬೇಕು. ಬೆಳಗಿನ ನಾಲ್ಕು ಹಾರಾಟ ಮುಗಿಸಿ ಸುಸ್ತಾದವರು ಆ ದೀಪ ನೋಡದೆ ಎಳೆದರೆ, ಕ್ಷಣದಲ್ಲಿ ಹೊರಗೆ ದೊಡ್ಡ ಬೂದು ಜಾರುಬಂಡೆ. ಕೆಳಗೆ ಯಾರಾದರೂ ನಿಂತಿದ್ದರೆ ಪೆಟ್ಟು. ಬದಲಿ ಸ್ಲೈಡ್ ತಂದು ಹಾಕುವತನಕ ಮುಂದಿನ ಹಾರಾಟಕ್ಕೂ ತೊಂದರೆ.

ಇಲ್ಲಿಯ ಎಎಂಇ ಲೈಸೆನ್ಸ್ ಹಿಡಿದು ದುಬೈ, ದೋಹಾ ಹೋಗಬಹುದಾ?

ನಮ್ಮ ಕರಾವಳಿಯವರು ಕೇಳುವ ಪ್ರಶ್ನೆ. ಅನುಭವಕ್ಕೆ ಬೆಲೆ ಇದೆ, ಆದರೆ ಡಿಜಿಸಿಎ ಲೈಸೆನ್ಸ್ ಅಲ್ಲಿ ಹಾಗೇ ನಡೆಯುವುದಿಲ್ಲ. ಆ ದೇಶದ ಪ್ರಾಧಿಕಾರದ ಲೈಸೆನ್ಸ್ ಪಡೆಯಬೇಕು. ಹಲವು ಕಂಪನಿಗಳು ಯುರೋಪಿನ ಇಎಎಸ್‌ಎ ಲೈಸೆನ್ಸ್ ಕೇಳುತ್ತವೆ. ಅದಕ್ಕೆ ಬೇರೆಯೇ ಪರೀಕ್ಷೆ. ಮಾಡ್ಯೂಲುಗಳ ಪಠ್ಯ ಹೆಚ್ಚುಕಡಿಮೆ ಒಂದೇ ಇರುವುದರಿಂದ ಓದಿದ್ದು ನಷ್ಟವಾಗುವುದಿಲ್ಲ.

ಲೈಸೆನ್ಸ್ ಒಮ್ಮೆ ಬಂದರೆ ಜೀವನಪೂರ್ತಿ ಇರುತ್ತದಾ?

ಇಲ್ಲ, ನವೀಕರಿಸುತ್ತಿರಬೇಕು. ಅದಕ್ಕಿಂತ ಮುಖ್ಯವಾದ್ದು, ಹಿಂದಿನ 24 ತಿಂಗಳಲ್ಲಿ ಕನಿಷ್ಠ 6 ತಿಂಗಳು ನಿಜವಾದ ಮೆಂಟೆನೆನ್ಸ್ ಕೆಲಸ ಮಾಡಿರಬೇಕು. ಇಲ್ಲದಿದ್ದರೆ ಸಹಿ ಹಾಕುವಂತಿಲ್ಲ. ಹೆರಿಗೆ, ಕಾಯಿಲೆ, ಕಂಪನಿ ಮುಚ್ಚಿದ್ದು, ಕಾರಣ ಏನೇ ಇರಲಿ, ಲೆಕ್ಕ ಅದೇ. ಏರ್‌ಲೈನ್ ಮುಳುಗಿದಾಗ ಎಎಂಇಗಳು ಕಡಿಮೆ ಸಂಬಳಕ್ಕಾದರೂ ಬೇಗ ಇನ್ನೊಂದು ಹ್ಯಾಂಗರ್ ಸೇರಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕನ್ನಡಕ ಇದೆ, ಬಣ್ಣಗುರುಡು ಇದೆ. ಆಗುತ್ತದಾ?

ಕನ್ನಡಕ ಮೂರಕ್ಕೂ ಸಾಮಾನ್ಯವಾಗಿ ಅಡ್ಡಿಯಲ್ಲ. ಎಷ್ಟರ ಪವರ್ ಅನ್ನುವುದು ಕ್ಯಾಬಿನ್ ಮತ್ತು ಎಟಿಸಿ ತಪಾಸಣೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಬಣ್ಣಗುರುಡು ತೊಂದರೆ. ಎಟಿಸಿಗೆ ಕ್ಲಾಸ್ 3 ವೈದ್ಯಕೀಯ ಪ್ರಮಾಣಪತ್ರ ಬೇಕು, ಅದರಲ್ಲಿ ಬಣ್ಣದ ದೃಷ್ಟಿ ನೋಡುತ್ತಾರೆ. ಎಎಂಇ ಕೆಲಸಕ್ಕೆ ಸೇರಿಸಿಕೊಳ್ಳುವ ಕಂಪನಿಗಳೂ ನೋಡುತ್ತವೆ. ಒಂದು ಪ್ಯಾನೆಲ್ ಬಿಚ್ಚಿದರೆ ಒಳಗೆ ಬಣ್ಣ ಬಣ್ಣದ ಗುರುತಿನ ಪೈಪು, ವೈರುಗಳು ಕಾಣುತ್ತವೆ, ಯಾವುದು ಯಾವುದು ಅಂತ ಟಾರ್ಚ್ ಬೆಳಕಿನಲ್ಲೇ ಗೊತ್ತಾಗಬೇಕು. ಹಾಗಾಗಿ ಇನ್ಸ್ಟಿಟ್ಯೂಟಿನ ಫೀಸ್ ಕಟ್ಟುವ ಮೊದಲೇ ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪರೀಕ್ಷೆ ಮಾಡಿಸಿಕೊಳ್ಳಿ. ಐದು ನಿಮಿಷದ ಕೆಲಸ. ನಾಲ್ಕು ವರ್ಷ ಓದಿದ ಮೇಲೆ ಗೊತ್ತಾದವರೂ ಇದ್ದಾರೆ.